ಗೋಬಿ ಕುರುಕುರು ಆಗ್ಬೇಕಂದ್ರ ಒಂದ ಸಲ ಕರೀಬೇಕೋ, ಎರಡ ಸಲ ಕರೀಬೇಕೋ? ಎಣ್ಣಿ ಎಷ್ಟ ಕಾದಿರ್ಬೇಕು?

ಹೋದ ವಾರ ಗದಗದಿಂದ ವೈನಿ ಫೋನ್ ಮಾಡಿದ್ರು. ಮಗನ ಬರ್ತ್‌ಡೇ, ಇಪ್ಪತ್ತ ಹುಡುಗ್ರು ಬರೋರಿದ್ರು, ಹೋದ ವರ್ಷ ನಾಕ ಗಂಟೇಕ್ಕ ಗೋಬಿ ಕರದ ಇಟ್ಟಿದ್ರಂತ, ಐದೂವರಿಗೆ ಕೇಕ್ ಕಟ್ ಆಗೋದ್ರಾಗ ಅದು ನೆನೆಸಿದ ಅವಲಕ್ಕಿ ಆದಂಗ ಮೆತ್ತಗಾಗಿತ್ತಂತ. "ಒಬ್ಬರು ಎರಡ ಸಲ ಕರೀರಿ ಅಂತಾರ, ಇನ್ನೊಬ್ಬರು ಉರಿ ಜೋರ ಇಟ್ಟು ಒಂದ ಸಲಾನ ಕರೀರಿ ಅಂತಾರ, ಯಾವ್ದ ಖರೆ ಹೇಳು" ಅಂತ ಕೇಳಿದ್ರು. ಮರುದಿನಾನ ಹುಬ್ಬಳ್ಳ್ಯಾಗಿರೋ ನಮ್ಮ ತಂಗಿ ಸೈತ ಅದನ್ನ ಕೇಳಿದ್ಲು, ಆದ್ರ ಆಕಿ ಮನ್ಯಾಗ ಇರೋರು ಇಬ್ಬರ, ಸಂಜಿ ಚಾದ ಜೋಡಿ ತಿನ್ನಾಕ ಒಂದ ಪ್ಲೇಟ್ ಸಾಕು. ಇಬ್ಬರಿಗೂ ನಾ ಹೇಳಿದ ಉತ್ತರ ಬ್ಯಾರೆ ಬ್ಯಾರೆ, ಎರಡೂ ಖರೇನ. ಯಾಕ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೇನಿ. ಇಲ್ಲಿ ಮಾತ ಇರೋದು ತೆಳುವಾಗಿ ಹಿಟ್ಟ ಹಚ್ಚಿದ ಗೋಬಿ ಬಗ್ಗೆ ಮಾತ್ರ, ಮಿರ್ಚಿ ಭಜಿ ಹಂಗ ಕಡಲಿಹಿಟ್ಟಿನ ದಪ್ಪ ಅಂಗಿ ಹಾಕೋದು ಬ್ಯಾರೆ ಲೆಕ್ಕ.

ಮದಲ ನಿಮ್ಮನ್ನ ನೀವ ಕೇಳ್ಕೋಬೇಕಾದ್ದು

ಎಲ್ಲಾಕ್ಕಿಂತ ದೊಡ್ಡ ಪ್ರಶ್ನಿ ಒಂದ ಐತಿ: ಕಡಾಯಿಂದ ಬಾಯಿಗೆ ಹೋಗಾಕ ಎಷ್ಟ ಹೊತ್ತ ಹಿಡಿತೈತಿ? ಕರದ ಐದ ನಿಮಿಷದಾಗ ತಿಂತೀರೋ, ಅರ್ಧ ತಾಸ ಬಿಟ್ಟೋ, ನಾಳೆಗೋ. ಇದೊಂದ ಗೊತ್ತಾದ್ರ ಮುಕ್ಕಾಲ ಪಾಲ ನಿರ್ಧಾರ ಮುಗಿತು. ಉಳಿದಿದ್ದು ಏನಂದ್ರ, ಅದನ್ನ ಒಣ ಒಣ ತಿಂತೀರೋ ಸಾಸ್‌ನ್ಯಾಗ ಹೊರಳಸ್ತೀರೋ, ನಿಮ್ಮ ಒಲಿ ಎಷ್ಟ ಜೋರ ಉರಿತೈತಿ, ಮತ್ತ ಎಷ್ಟ ಎಣ್ಣಿ ಸುರಿಯಾಕ ತಯಾರ ಅದೀರಿ. ಒಳಗ ಬೇಯೋದು ಎಲ್ಲಾ ದಾರಿಯೊಳಗೂ ಆಗಬೇಕು, ಅದರಾಗ ಹೊಂದಾಣಿಕಿ ಇಲ್ಲ.

ಹೊತ್ತ ಯಾಕ ಅಷ್ಟ ಮುಖ್ಯ ಅಂದ್ರ, ಗೋಬಿ ಒಳಗ ನೂರಕ್ಕ ತೊಂಬತ್ತಕ್ಕಿಂತ ಜಾಸ್ತಿ ನೀರ ಐತಿ. ನೀವು ಮ್ಯಾಲಿನ ಹಿಟ್ಟಿನ ಪದರ ಎಷ್ಟ ಒಣಗಿಸಿ ತಗದ್ರೂ, ತಟ್ಟಿಗೆ ಬಂದ ಮ್ಯಾಲೆ ಒಳಗಿನ ಬಿಸಿ ಹವೆ ಹೊರಗ ಬರ್ತಾನ ಇರತೈತಿ, ಅದು ಆ ಪದರದೊಳಗ ಸೇರ್ಕೊಂಡು ಅದನ್ನ ಮೆತ್ತಗ ಮಾಡತೈತಿ. ಅಂದ್ರ ಗೋಬಿ ಮೆತ್ತಗಾಗೋದು ಹೊರಗಿನ ಗಾಳಿಗಿಂತ ಒಳಗಿನ ನೀರಿಂದ ಜಾಸ್ತಿ. ಎರಡ ಸಲ ಕರಿಯೋದ್ರ ಗುಟ್ಟ ಇದ. ಮದಲ್ನೇ ಸಲ ಕಡಿಮಿ ಬಿಸಿಯೊಳಗ ಒಳಗ ಬೇಯಿಸಿ, ಹಿಟ್ಟ ಗಟ್ಟಿ ಹಿಡಿಯೋ ಹಂಗ ಮಾಡಿ ಹೊರಗ ತಗೀತೀವಿ. ಆಮ್ಯಾಲ ಹತ್ತ ನಿಮಿಷ ಬಿಟ್ಟಾಗ ಒಳಗಿನ ನೀರ ಒಂದಷ್ಟ ಹೊರಗಿನ ಪದರಕ್ಕ ಬರತೈತಿ, ಬರಲಿ ಬಿಡ್ರಿ, ನಮಗ ಬೇಕಾದ್ದೂ ಅದ. ಎರಡನೇ ಸಲ ಜೋರ ಕಾದ ಎಣ್ಣ್ಯಾಗ ಹಾಕಿದ ಕೂಡ್ಲೆ ಆ ನೀರ ಹಾರಿ ಹೋಗತೈತಿ, ಪದರ ಮತ್ತಷ್ಟ ಒಣಗತೈತಿ. ಒಳಗ ನೀರ ಕಡಿಮಿ ಉಳಿತು ಅಂದ್ರ ಆಮ್ಯಾಲ ಮೆತ್ತಗ ಮಾಡಾಕ ಬರೋದೂ ಕಡಿಮಿ.

ಹೆಚ್ಚೋದು ಮತ್ತ ಹಿಟ್ಟು, ಎಲ್ಲಾ ದಾರಿಗೂ ಒಂದ

ಹೂವು ಸಣ್ಣ ನಿಂಬಿಹಣ್ಣಿನಷ್ಟ ಇರಲಿ, ಮೂರ ಮೂರೂವರಿ ಸೆಂಟಿಮೀಟರ್ ಅನ್ಕೋರಿ. ದೇಟ ದಪ್ಪ ಇದ್ರ ಉದ್ದಕ್ಕ ಸೀಳ್ರಿ, ಇಲ್ಲಂದ್ರ ಹೂವ ಕಂದ ಹತ್ತಿದ್ರೂ ದೇಟ ಹಸಿ ಇರತೈತಿ. ಹುಳದ ಸಲುವಾಗಿ ನೀರ ಕುದಿಸಿ, ಉಪ್ಪ ಅರಿಷಿಣ ಹಾಕಿ, ಒಲಿ ಆರಿಸಿ, ಅದರಾಗ ಎರಡ ನಿಮಿಷ ಗೋಬಿ ಬಿಟ್ಟ ತಗೀರಿ. ಭಾಳ ಮಂದಿ ಇಲ್ಲೇ ತಪ್ಪ ಮಾಡ್ತಾರ, ಒಲಿ ಮ್ಯಾಲೆ ಐದ ಆರ ನಿಮಿಷ ಕುದಿಸಿಬಿಡ್ತಾರ, ಆಮ್ಯಾಲ ಗೋಬಿ ನೀರ ಕುಡದ ಸ್ಪಂಜ್ ಆಗಿರತೈತಿ, ಅದನ್ನ ಮೂರ ಸಲ ಕರದ್ರೂ ಗರಿ ಆಗಂಗಿಲ್ಲ. ಬಸದ ಮ್ಯಾಲೆ ಬಟ್ಟಿ ಮ್ಯಾಲೆ ಹರವಿ ಫ್ಯಾನ್ ಕೆಳಗ ಇಪ್ಪತ್ತ ನಿಮಿಷ ಬಿಡ್ರಿ. ಹೂವಿನ ತೆಲಿ ಮುಟ್ಟಿದ್ರ ಕೈಗೆ ಪಸಿ ಹತ್ತಬಾರ್ದು.

ಹಿಟ್ಟಿನ ಲೆಕ್ಕ ನಾ ಮಾಡೋದು ಹಿಂಗ. ಹೆಚ್ಚಿದ ಗೋಬಿ 450 ಗ್ರಾಂ ಇದ್ರ ಕಾರ್ನ್‌ಫ್ಲೋರ್ 60 ಗ್ರಾಂ, ಅಕ್ಕಿಹಿಟ್ಟ 20 ಗ್ರಾಂ, ಮೈದಾ 20 ಗ್ರಾಂ, ಒಂದ ಸಣ್ಣ ಚಮಚ ಉಪ್ಪ, ಒಂದ ಚಮಚ ಶುಂಠಿ ಬಳ್ಳೊಳ್ಳಿ ಪೇಸ್ಟ್, ಅರ್ಧ ಚಮಚ ಖಾರದಪುಡಿ, ತಣ್ಣಗಿನ ನೀರ ಸುಮಾರ 120 ಎಂ.ಎಲ್. ಕಾರ್ನ್‌ಫ್ಲೋರ್ ಗರಿ ಕೊಡತೈತಿ, ಅಕ್ಕಿಹಿಟ್ಟ ಆ ಗರಿ ಸ್ವಲ್ಪ ಹೊತ್ತ ನಿಲ್ಲಂಗ ಮಾಡತೈತಿ, ಮೈದಾ ಇರೋದು ಹಿಟ್ಟ ಹೂವಿಗೆ ಅಂಟಲಿ ಅಂತ ಅಷ್ಟ. ಮೈದಾ ಜಾಸ್ತಿ ಆದ್ರ ಬಿಸಿ ಇರೋತನ ಚಲೋ ಇರತೈತಿ, ಆರಿದ ಮ್ಯಾಲೆ ಚರ್ಮ ಎಳದಂಗ ಜಿಗಿ ಆಗತೈತಿ. ಅದಕ್ಕ ಮೈದಾ ಮುಟ್ಟಿಗಿ ಮುಟ್ಟಿಗಿ ಹಾಕಬ್ಯಾಡ್ರಿ.

ಕಲಸಿದ ಹಿಟ್ಟ ಮಜ್ಜಿಗಿಗಿಂತ ದಪ್ಪ, ದ್ವಾಸಿ ಹಿಟ್ಟಿಗಿಂತ ತೆಳು ಇರಬೇಕು. ಒಂದ ಹೂವ ಅದ್ದಿ ಎತ್ತಿ ನೋಡ್ರಿ, ಹಿಟ್ಟಿನ ಕೆಳಗ ಹೂವಿನ ಕಾಳ ಕಾಳ ಕಾಣಬೇಕು, ಬೆಳ್ಳಗ ಸುಣ್ಣಾ ಹಚ್ಚಿದಂಗ ಕಂಡ್ರ ದಪ್ಪ ಆತು, ಒಂದೆರಡ ಚಮಚ ನೀರ ಹಾಕ್ರಿ. ಮತ್ತ ಕಾರ್ನ್‌ಫ್ಲೋರ್ ನೀರಿನ್ಯಾಗ ಕರಗಂಗಿಲ್ಲ, ಎರಡ ನಿಮಿಷದಾಗ ತಳಕ್ಕ ಕೂಡತೈತಿ, ಹಿಂಗಾಗಿ ಪ್ರತಿ ಸಲ ಗೋಬಿ ಎತ್ತೋ ಮುಂಚೆ ತಳದಿಂದ ಕೈಯಾಡಿಸಲೇಬೇಕು. ಇದನ್ನ ಮರತ್ರ ಮದಲ್ನೇ ಘಾಣಕ್ಕ ಬರೇ ನೀರ ಹತ್ತತೈತಿ, ಕಡೀ ಘಾಣಕ್ಕ ಗೋಂದ ಹತ್ತತೈತಿ.

ಈಗ ದಾರಿಗಳು

ಒಂದನೇದು, ಒಂದ ಸಲ ಕರಿಯೋದು. ಎಣ್ಣಿ 175 ರಿಂದ 180 ಡಿಗ್ರಿ, ಐದ ನಿಮಿಷ ಹತ್ರಾ ಹತ್ರಾ. ಕೆಲಸ ಕಡಿಮಿ, ಗ್ಯಾಸ್ ಕಡಿಮಿ, ಕಡಾಯಿಂದ ತಗದು ನಿಂತಲ್ಲೇ ತಿನ್ನೋರಿಗೆ ಇದು ಸಾಕಾಗತೈತಿ. ನಮ್ಮ ತಂಗಿಗೆ ಹೇಳಿದ್ದು ಇದನ್ನ. ತೊಂದ್ರಿ ಏನಂದ್ರ ಈ ಬಿಸಿ ಎರಡ ಕೆಲಸದ ನಡುವ ಸಿಕ್ಕೊಂಡ ಬಿಸಿ. ಒಳಗ ಬೇಯಾಕ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ, ಹೊರಗಿನ ಪದರ ಒಣಗಿಸಾಕ ಬೇಕಾದ್ದಕ್ಕಿಂತ ಸ್ವಲ್ಪ ಕಡಿಮಿ. ಹಿಂಗಾಗಿ ಹೂವ ಸಣ್ಣ ಇದ್ರ ಮಾತ್ರ ಎರಡೂ ಕೂಡಿ ಬರತಾವ, ದೊಡ್ಡ ಹೂವಾದ್ರ ಒಂದ ಕಡಿ ಬಿಟ್ಟ ಹೋಗತೈತಿ.

ಎರಡನೇದು, ನಾ ಪಕ್ಕಾ ಚಲೋ ಅನ್ನೋದು, ಮದಲ ಸಣ್ಣ ಬಿಸಿ ಆಮ್ಯಾಲ ಜೋರ ಬಿಸಿ. ಮದಲ್ನೇ ರೌಂಡ್‌ನ್ಯಾಗ ಗೋಬಿ ಒಳಗ ಇದ್ದಾಗ ಎಣ್ಣಿ 150 ರಿಂದ 160 ನಡುವ ಇರಬೇಕು, ಮೂರೂವರಿಯಿಂದ ನಾಕ ನಿಮಿಷ. ಬಣ್ಣ ಬರಬಾರ್ದು, ಬೆಳ್ಳಗ ಹಳದಿ ಮಿಶ್ರ ಇದ್ದಂಗ ತಗೀಬೇಕು. ಹತ್ತ ನಿಮಿಷ ಬಿಟ್ಟು ಎರಡನೇ ರೌಂಡ್ 190 ಕ್ಕ ಒಂದರಿಂದ ಒಂದೂವರಿ ನಿಮಿಷ. ಜಾಸ್ತಿ ಹಿಡಿಯೋದು ಹೊತ್ತ ಮತ್ತ ಗಮನ, ಎಣ್ಣಿ ಜಾಸ್ತಿ ಹಿಡಿತೈತಿ ಅಂತ ಹೆದರೋರು ಅದಾರ, ಆ ಮಾತು ಕೆಳಗ ಹೇಳ್ತೇನಿ.

ಮೂರನೇದು, ಎರಡ ಸಲ ಕರಿಯೋದು ಆದ್ರ ಎರಡೂ ಸಲ ಅದ ಬಿಸಿ, 175 ಆಸುಪಾಸ. ಸಂಜಿ ಗಾಡಿಗಳ ಮುಂದ ನಿಂತ ನೋಡ್ರಿ, ಮಧ್ಯಾಹ್ನ ಕರದ ರಾಶಿ ಹಾಕಿದ ಗೋಬಿ ಗಿರಾಕಿ ಬಂದಾಗ ಮತ್ತ ಅದ ಎಣ್ಣ್ಯಾಗ ಬಿಡ್ತಾರ. ಉರಿ ಹೆಚ್ಚು ಕಡಿಮಿ ಮಾಡೋ ತಾಪತ್ರಯ ಇಲ್ಲ, ದಿನಾ ನೂರ ಪ್ಲೇಟ್ ತಗಿಯೋರಿಗೆ ಇದ ಅನುಕೂಲ. ಮನ್ಯಾಗ ಮಾಡಾಕ ಇದರಾಗ ಲಾಭ ಕಡಿಮಿ, ಯಾಕಂದ್ರ ಮದಲ್ನೇ ಸಲಾನ ಅರ್ಧ ಬಣ್ಣ ಬಂದಿರತೈತಿ, ಎರಡನೇ ಸಲ ನೀರ ಹಾರೋ ತನಕ ಇಟ್ರ ಹೂವಿನ ತುದಿ ಕರೀ ಆಗಿ ಕಹಿ ಬರತೈತಿ.

ನಾಕನೇದು, ಮದಲ್ನೇ ರೌಂಡ್ ಇವತ್ತ, ಎರಡನೇದ್ದು ನಾಳೆ. 150 ರಿಂದ 160 ಕ್ಕ ಕರದದ್ದನ್ನ ಪೂರ್ತಿ ಆರಿಸಿ, ತಟ್ಟಿ ಮ್ಯಾಲೆ ಒಂದಕ್ಕೊಂದ ಮುಟ್ಟದಂಗ ಫ್ರೀಜರ್‌ನ್ಯಾಗ ಇಟ್ಟು, ಗಟ್ಟಿ ಆದ ಮ್ಯಾಲೆ ಡಬ್ಬಿಗೆ ಹಾಕೋದು. ಬೇಕಾದಾಗ ಕರಗಾಕ ಬಿಡದ ಸೀದಾ 190 ಎಣ್ಣಿಗೆ, ಸ್ವಲ್ಪ ಸ್ವಲ್ಪ ಹಾಕಿ, ಎರಡರಿಂದ ಎರಡೂವರಿ ನಿಮಿಷ. ಬಹಳ ಮಂದಿಗೆ ಇದು ಗೊತ್ತಿಲ್ಲ, ಫ್ರೀಜರ್‌ನ್ಯಾಗ ಇಟ್ಟ ಗೋಬಿ ಆವತ್ತಿಂದಕ್ಕಿಂತ ಕಡಿಮಿ ಏನೂ ಆಗಂಗಿಲ್ಲ. ಆದ್ರ ಮ್ಯಾಲೆ ಬಿಳೀ ಹಿಮದ ಪುಡಿ ಕಂಡ್ರ ಮದಲ ಜಾಡಿಸ್ರಿ, ಆ ಹಿಮ ಕಾದ ಎಣ್ಣಿಗೆ ಬಿದ್ದ ಕೂಡ್ಲೆ ಎಣ್ಣಿ ಉಕ್ಕಿ ಮೈಮ್ಯಾಲೆ ಸಿಡಿತೈತಿ. ಕಡಾಯಿ ಅರ್ಧಕ್ಕಿಂತ ಜಾಸ್ತಿ ತುಂಬಿರಬಾರ್ದು.

ಏರ್ ಫ್ರೈಯರ್ ಇದ್ದೋರು ಕೇಳ್ತಾರ. ಹಸಿ ಹಿಟ್ಟ ಹಚ್ಚಿದ್ದು ಅದರಾಗ ಸೋರಿ ಹೋಗತೈತಿ, ಮದಲ್ನೇ ರೌಂಡ್‌ಗೆ ಉಪಯೋಗ ಇಲ್ಲ. ಎಣ್ಣ್ಯಾಗ ಮದಲ್ನೇ ರೌಂಡ್ ಮುಗಿಸಿ ಎರಡನೇದಕ್ಕ 200 ಕ್ಕ ಐದಾರ ನಿಮಿಷ ಇಟ್ರ ನಡಿತೈತಿ, 190 ಎಣ್ಣಿಯಷ್ಟ ಗರಿ ಬರಂಗಿಲ್ಲ.

ಒಂದ ಗೋಬಿ, ಮೂರ ಪಾಲು

ಬಾಯಿಮಾತಿಗಿಂತ ಮಾಡಿ ನೋಡೋದ ಚಲೋ ಅಂತ ಭಾನುವಾರ ಜನತಾ ಬಜಾರ್‌ನಿಂದ ಒಂದ ಗೋಬಿ ತಂದೆ, ಎಲಿ ದೇಟ ತಗದ ಮ್ಯಾಲೆ ಸುಮಾರ 450 ಗ್ರಾಂ ಉಳೀತು. ಮ್ಯಾಲೆ ಹೇಳಿದ ಹಿಟ್ಟಿನ ಲೆಕ್ಕದಾಗ ಕಲಸಿ 150 ಗ್ರಾಂನ ಮೂರ ಪಾಲ ಮಾಡಿದೆ. ಕಬ್ಬಿಣದ ದಪ್ಪ ಕಡಾಯಿ, ಮುಕ್ಕಾಲ ಲೀಟರ್ ಎಣ್ಣಿ, ಕಡ್ಡಿ ಥರ್ಮಾಮೀಟರ್.

ಮದಲ ಕಂಡಿದ್ದು ಎಣ್ಣಿ ಎಷ್ಟ ಜಲ್ದಿ ತಣ್ಣಗಾಗತೈತಿ ಅನ್ನೋದು. 165 ಕ್ಕ ಕಾಯಿಸಿ ಒಂದ ಪಾಲ ಹಾಕಿದೆ, ಅರ್ಧ ನಿಮಿಷದಾಗ 148 ಕ್ಕ ಇಳೀತು, ಉರಿ ಜೋರ ಮಾಡಿದ ಮ್ಯಾಲೆ ಮೆಲ್ಲಕ 155 ಕ್ಕ ಬಂತು. ಅಂದ್ರ 155 ಬೇಕಂದ್ರ 165 ರಿಂದ 170 ಕ್ಕ ಕಾಯಿಸಿ ಹಾಕಬೇಕು. ಅದ ಎಣ್ಣಿಗೆ ಮೂರೂ ಪಾಲ ಒಮ್ಮೆ ಸುರದಿದ್ರ 120 ರ ಹತ್ರ ಕುಂತಿರತಿತ್ತು, ಹಿಟ್ಟ ಗಟ್ಟಿ ಹಿಡಿಯೋ ಮುಂಚೆ ಎಣ್ಣ್ಯಾಗ ಬಿಚ್ಕೊಂಡು ಹೋಗತಿತ್ತು. ಎರಡನೇ ರೌಂಡ್‌ನ್ಯಾಗ ಗೋಬಿಯೊಳಗ ನೀರ ಕಡಿಮಿ ಇರೋದಕ್ಕ ಅಷ್ಟ ಇಳಿಯಂಗಿಲ್ಲ, 190 ಇದ್ದದ್ದು 182 ಕ್ಕ ಬಂದು ಅಲ್ಲೇ ನಿಂತತು. ಹಿಂಗಾಗಿ ಎರಡನೇ ಸಲ ಎರಡ ಘಾಣ ಕೂಡಿಸಿ ಒಂದ ಮಾಡಿ ಹಾಕಬಹುದು.

ಒಂದ ಸಲ ಕರದ ಪಾಲು ತಗದ ಎರಡ ನಿಮಿಷಕ್ಕ ಭಾಳ ಚಲೋ ಇತ್ತು, ಖರೇ ಹೇಳ್ಬೇಕಂದ್ರ ಆ ಹೊತ್ತಿಗೆ ಮೂರರಾಗ ಯಾವ್ದ ಯಾವ್ದು ಅಂತ ಮನಿಯವರಿಗೆ ಗೊತ್ತಾಗ್ಲಿಲ್ಲ. ಹತ್ತ ನಿಮಿಷಕ್ಕ ಮೆತ್ತಗಾಗಾಕ ಹತ್ತಿತು, ಇಪ್ಪತ್ತಕ್ಕ ಬೆರಳಿಂದ ಒತ್ತಿದ್ರ ಪದರ ಒಳಗ ಹೋಗಿ ಅಲ್ಲೇ ಕುಂತತು. 155 ಆಮ್ಯಾಲ 190 ಮಾಡಿದ್ದು ಇಪ್ಪತ್ತೈದ ನಿಮಿಷಕ್ಕೂ ಹಲ್ಲಿಗೆ ಕಟುಂ ಅಂತಿತ್ತು, ನಲವತ್ತ ನಿಮಿಷಕ್ಕ ಗರಿ ಹೋಗಿತ್ತು ಆದ್ರ ಜಿಗಿ ಆಗಿರ್ಲಿಲ್ಲ. ಎರಡೂ ಸಲ 175 ಕ್ಕ ಕರದದ್ದು ಹದಿನೈದ ನಿಮಿಷದ ತನಕ ಗರಿ ಇತ್ತು, ಬಣ್ಣ ಮಾತ್ರ ಎಲ್ಲಾಕ್ಕಿಂತ ಕಂದ, ಹೂವಿನ ತುದಿಯೊಳಗ ಸ್ವಲ್ಪ ಕಹಿ. ಆವತ್ತ ಹವಾ ಒಣ ಇತ್ತು. ಧಾರವಾಡದ ಮಳಿಗಾಲದಾಗ ಜಡಿಮಳಿ ಹಿಡಿದಾಗ ಇದೆಲ್ಲಾ ಹೊತ್ತು ಇನ್ನೂ ಕಡಿಮಿ ಆಗತೈತಿ, ಹಪ್ಪಳ ಸೈತ ಮೆತ್ತಗಾಗೋ ಹವಾದಾಗ ಗೋಬಿ ಎಷ್ಟ ಹೊತ್ತ ತಡಿತೈತಿ.

ಕೈಗೆ ಕಿವಿಗೆ ಗೊತ್ತಾಗೋ ಗುರ್ತ ಹೇಳ್ತೇನಿ. ಮದಲ್ನೇ ರೌಂಡ್ ಸುರು ಆದಾಗ ಎಣ್ಣಿ ಬಳಬಳ ಅಂತ ದೊಡ್ಡ ದೊಡ್ಡ ಗುಳ್ಳಿ ಎಬ್ಬಸತೈತಿ, ಅದು ನೀರಿನ ಸಪ್ಪಳ. ಗುಳ್ಳಿ ಸಣ್ಣ ಆಗಿ ಸಪ್ಪಳ ತಗ್ಗಿದಾಗ ಒಂದ ಹೂವಿನ ದೇಟಿಗೆ ಚಾಕು ತುದಿ ಚುಚ್ಚಿ ನೋಡ್ರಿ, ಸ್ವಲ್ಪ ತಡದು ಒಳಗ ಹೋದ್ರ ತಗೀರಿ. ಪೂರ್ತಿ ಸರಳ ಹೋದ್ರ ಜಾಸ್ತಿ ಬೆಂದಂಗ. ಎರಡನೇ ರೌಂಡ್‌ನ್ಯಾಗ ಝಾರಿಯೊಳಗ ಎತ್ತಿ ಅಲುಗಾಡಿಸ್ರಿ, ಒಣ ಶೇಂಗಾ ಸಪ್ಪಳ ಮಾಡಿದಂಗ ಕಟಕಟ ಅಂದ್ರ ಆತು, ಧಪ್ ಧಪ್ ಅಂದ್ರ ಇನ್ನೂ ಹದಿನೈದ ಸೆಕೆಂಡ್ ಬಿಡ್ರಿ.

ಥರ್ಮಾಮೀಟರ್ ಇಲ್ಲದೋರಿಗೆ

ಕಲಸಿದ ಹಿಟ್ಟಿನ ಒಂದ ಹನಿ ಬಿಡ್ರಿ. ತಳಕ್ಕ ಹೋಗಿ ಎರಡ ಮೂರ ಸೆಕೆಂಡ್ ನಿಂತು ಮೆಲ್ಲಕ ಮ್ಯಾಲೆ ಬಂದ್ರ ಎಣ್ಣಿ ಮದಲ್ನೇ ರೌಂಡ್‌ಗೆ ಬಂತು. ಅರ್ಧಕ್ಕ ಮುಳುಗಿ ತಟ್ಟನ ಎದ್ರ 175 ರ ಹತ್ರ, ಒಂದ ಸಲ ಕರಿಯೋರ ಬಿಸಿ. ಮುಳುಗದ ಮ್ಯಾಲೇ ಸಿಡದು ಹರವಿಕೊಂಡು ನೋಡ್ತಿದ್ದಂಗ ಕಂದ ಹತ್ತಿದ್ರ ಎರಡನೇ ರೌಂಡ್‌ಗೆ ತಯಾರ. ಹನಿ ಬಿದ್ದ ಕೂಡ್ಲೆ ಕರ್ರಗಾದ್ರ ಅಥವಾ ಎಣ್ಣಿ ಹೊಗಿ ಆಡಿದ್ರ ಒಲಿ ಆರಿಸಿ ಎರಡ ನಿಮಿಷ ಬಿಡ್ರಿ.

ಥರ್ಮಾಮೀಟರ್ ತಗೊಳ್ಳೋರು 200 ಡಿಗ್ರಿ ಮ್ಯಾಲೆ ತೋರಸೋ ಅಡಗಿ ಥರ್ಮಾಮೀಟರ್, ಕಡ್ಡಿ ಇರೋದು ತಗೋರಿ. ದೂರದಿಂದ ಕೆಂಪ ಲೈಟ್ ಬಿಡೋದು ಎಣ್ಣಿ ಮ್ಯಾಲಿನ ಪದರದ ಬಿಸಿ ಅಷ್ಟ ಹೇಳತೈತಿ. ಕಡ್ಡಿ ತುದಿ ಕಡಾಯಿ ತಳಕ್ಕ ಮುಟ್ಟಬಾರ್ದು, ಮುಟ್ಟಿದ್ರ ಎಣ್ಣಿ ಬಿಸಿ ಅಲ್ಲ ಕಬ್ಬಿಣದ ಬಿಸಿ ತೋರಸತೈತಿ. ತಂದ ದಿನ ಅದನ್ನ ಕುದಿಯೋ ನೀರಿನ್ಯಾಗ ಇಟ್ಟ ಪರೀಕ್ಷಾ ಮಾಡ್ರಿ, ಆದ್ರ ಒಂದ ಮಾತ, ಹುಬ್ಬಳ್ಳಿ ಧಾರವಾಡ ಸಮುದ್ರ ಮಟ್ಟದಿಂದ 600 ಮೀಟರ್‌ಗಿಂತ ಎತ್ತರದಾಗ ಅದಾವ, ಇಲ್ಲಿ ನೀರ ಕುದಿಯೋದು ಸುಮಾರ 98 ಕ್ಕ. 98 ತೋರಿಸ್ತು ಅಂತ ವಾಪಸ್ ಕೊಡಾಕ ಹೋಗಬ್ಯಾಡ್ರಿ, ಅದು ಸರಿನ ಐತಿ.

ಎಣ್ಣಿ ಯಾವ್ದು, ಎಷ್ಟ ಹಿಡಿತೈತಿ

ನಮ್ಮ ಕಡೆ ಗಾಣದ ಶೇಂಗಾ ಎಣ್ಣಿ, ಕುಸುಬಿ ಎಣ್ಣಿ ಮ್ಯಾಲೆ ಪ್ರೀತಿ ಜಾಸ್ತಿ, ನನಗೂ ಪಲ್ಯಾಕ್ಕ ಅದ ಬೇಕು. ಆದ್ರ 190 ರ ರೌಂಡ್‌ಗೆ ಅದು ಬ್ಯಾಡ. ಗಾಣದ ಶೇಂಗಾ ಎಣ್ಣಿ ಸುಮಾರ 160 ಕ್ಕ ಹೊಗಿ ಆಡಾಕ ಸುರು ಮಾಡತೈತಿ, ರಿಫೈನ್ ಮಾಡದ ಕುಸುಬಿ ಅದಕ್ಕಿಂತ ಎಷ್ಟೋ ಮುಂಚೆ. ಹೊಗಿ ಆಡಿದ ಎಣ್ಣ್ಯಾಗ ಕರದ ಗೋಬಿಗೆ ಘಾಟ ಹತ್ತತೈತಿ, ಗಂಟಲ ಕೆರಿತೈತಿ. ರಿಫೈನ್ಡ್ ಶೇಂಗಾ ಅಥವಾ ರಿಫೈನ್ಡ್ ಸೂರ್ಯಕಾಂತಿ ಎಣ್ಣಿ 220 ಡಿಗ್ರಿ ದಾಟೋ ತನಕ ತಡಿತಾವ. ಗಾಣದ ಶೇಂಗಾ ಎಣ್ಣಿನ ಬೇಕು ಅನ್ನೋರು 155 ದಾಟದಂಗ ಕಾಯಿಸಿ ಒಂದ ಸಲ ಕರದು ಕೂಡ್ಲೆ ತಿನ್ರಿ, ಗರಿ ಕಡಿಮಿ ಆದ್ರೂ ರುಚಿ ಐತಿ, ಎರಡನೇ ರೌಂಡ್ ಆಸೆ ಬಿಡ್ರಿ.

ಎರಡ ಸಲ ಕರದ್ರ ಡಬಲ್ ಎಣ್ಣಿ ಕುಡಿತೈತಿ ಅಂತ ಅನ್ನೋರಿಗೆ ಹೇಳ್ಬೇಕಾದ್ದು, ಎಣ್ಣಿ ಜಾಸ್ತಿ ಒಳಗ ಹೋಗೋದು ಕಡಾಯ್ದಾಗ ಇದ್ದಾಗಲ್ಲ, ಹೊರಗ ತಗದ ಮ್ಯಾಲೆ. ಎಣ್ಣ್ಯಾಗ ಇರೋತನ ಒಳಗಿನ ಹವೆ ಹೊರಗ ನೂಕ್ತಾ ಇರತೈತಿ, ಎಣ್ಣಿಗೆ ಒಳಗ ಬರಾಕ ಜಾಗ ಇಲ್ಲ. ಹೊರಗ ತಗದು ಆರಾಕ ಹತ್ತಿದಾಗ ಹವೆ ಕುಗ್ಗತೈತಿ, ಮ್ಯಾಲೆ ಹತ್ತಿದ ಎಣ್ಣಿನ ಪದರ ಒಳಗ ಎಳಕೊಳ್ಳತೈತಿ. ಅದಕ್ಕ ತಗದ ಕೂಡ್ಲೆ ಝಾರಿ ನಾಕೈದ ಸಲ ಜೋರ ಕುಟ್ಟಿ ಜಾಡಿಸಿ, ಸ್ಟೀಲ್ ಜಾಳಿಗಿ ಮ್ಯಾಲೆ ಬಿಡ್ರಿ. ಪೇಪರ್ ಮ್ಯಾಲೆ ರಾಶಿ ಹಾಕಿದ್ರ ಎಣ್ಣಿ ಹೀರತೈತಿ ಖರೆ, ಆದ್ರ ತಳದಾಗ ಹವೆ ಸಿಕ್ಕೊಂಡು ಕೆಳಗಿನ ಮಗ್ಗಲ ಮೆತ್ತಗಾಗತೈತಿ, ಅದರಾಗೂ ನ್ಯೂಸ್ ಪೇಪರ್ ಅಂತೂ ಶಾಯಿ ಸಲುವಾಗಿ ಬ್ಯಾಡವೇ ಬ್ಯಾಡ. ಗೋಬಿ ಎಣ್ಣಿ ಎಣ್ಣಿ ಆಗಿದ್ರ ಬಹಳ ಸಲ ತಪ್ಪು ಎರಡನೇ ರೌಂಡ್‌ನ್ಯಾಗ ಬಿಸಿ ಕಡಿಮಿ ಇದ್ದದ್ದು.

ಖರ್ಚ ಕಡಿಮಿ ಮಾಡ್ಬೇಕಂದ್ರ ಅಗಲ ಕಡಾಯಿ ಬಿಟ್ಟು ಸಣ್ಣ ಆಳದ್ದು ತಗೋರಿ, ಅರ್ಧ ಲೀಟರ್‌ನ್ಯಾಗ 100 ಗ್ರಾಂ 100 ಗ್ರಾಂ ಹಾಕಿ ತಗೀಬಹುದು. ಎರಡ ರೌಂಡಿನ ನಡುವ ತಳದಾಗ ಬಿದ್ದ ಹಿಟ್ಟಿನ ಪುಡಿ ಸಣ್ಣ ಜಾಳಿಗಿಯಿಂದ ಎತ್ತಿಬಿಡ್ರಿ, ಅದು 190 ಕ್ಕ ಸುಟ್ಟು ಎಣ್ಣಿ ಪೂರ್ತಿ ಕರ್ರಗ ಮಾಡತೈತಿ. ಉಳಿದ ಎಣ್ಣಿ ಸೋಸಿ ಇಟ್ಟು ಒಂದೆರಡ ಸಲ ಒಗ್ಗರಣಿ ಪಲ್ಯಾಕ್ಕ ಖಾಲಿ ಮಾಡ್ರಿ, ನೊರಿ ಬಂದ್ರ ಅಥವಾ ಜಲ್ದಿ ಹೊಗಿ ಆಡಿದ್ರ ಚೆಲ್ಲೋದ.

ಬಣ್ಣ, ಸಾಸ್

ಕೆಂಪ ಬಣ್ಣದ ಪುಡಿ ಹಾಕಬ್ಯಾಡ್ರಿ. 2024 ರ ಮಾರ್ಚ್‌ನ್ಯಾಗ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧ ಮಾಡೈತಿ, ಬಟ್ಟಿಗೆ ಹಾಕೋ ರೋಡಮೈನ್-ಬಿ ಅಂಥಾದ್ದು ಅದರಾಗ ಸಿಕ್ಕಿತ್ತು. ನಮ್ಮ ಹಾವೇರಿ ಜಿಲ್ಲಾದ ಬ್ಯಾಡಗಿ ಮೆಣಸಿನಕಾಯಿ ಇರೋದ ಬಣ್ಣಕ್ಕ, ಖಾರ ಕಡಿಮಿ ಕೆಂಪ ಜಾಸ್ತಿ. ಆದ್ರ ಅದನ್ನೂ ಹಿಟ್ಟಿನ್ಯಾಗ ಪೂರ್ತಿ ಹಾಕಿದ್ರ 190 ಕ್ಕ ಖಾರದಪುಡಿ ಸುಟ್ಟು ಕಂದ ಆಗತೈತಿ. ಅರ್ಧ ಚಮಚ ಹಿಟ್ಟಿಗೆ, ಉಳಿದಿದ್ದು ಉಪ್ಪ ಕೂಡಿಸಿ ಎರಡನೇ ರೌಂಡಿಂದ ತಗದ ಕೂಡ್ಲೆ ಮ್ಯಾಲೆ ಉದರಸ್ರಿ, ಬಿಸಿ ಎಣ್ಣಿ ಪಸಿಗೆ ಚಲೋ ಅಂಟತೈತಿ.

ಸಾಸ್ ಹಾಕೋರಿಗೆ ಎರಡ ಸಲ ಕರಿಯೋದು ಬಿಟ್ಟ ಬ್ಯಾರೆ ದಾರಿ ಇಲ್ಲ ಅಂತ ನನ್ನ ಅಭಿಪ್ರಾಯ. ಒಂದ ಸಲ ಕರದದ್ದು ಸಾಸ್ ಮುಟ್ಟಿದ ಕೂಡ್ಲೆ ಹಿಟ್ಟ ಬಿಚ್ಚತೈತಿ. ಸಾಸ್ ಗಟ್ಟಿ ಇರಲಿ, ಕುದಿತಿರಲಿ, ಗೋಬಿ ಹಾಕಿ ಇಪ್ಪತ್ತ ಮೂವತ್ತ ಸೆಕೆಂಡ್ ಹೊರಳಿಸಿ ತಟ್ಟಿಗೆ. ತಣ್ಣಗಿನ ಸಾಸ್‌ನ್ಯಾಗ ಹಾಕಿ ಬಿಸಿ ಮಾಡಾಕ ಹೋದ್ರ ಅಷ್ಟೂ ಕೆಲಸ ನೀರಿಗೆ ಹೋಗತೈತಿ.

ವೈನಿಗೆ ಬರದು ಕೊಟ್ಟದ್ದು

ಮೂರ ಗೋಬಿ, ಹೆಚ್ಚಿದ ಮ್ಯಾಲೆ ಸುಮಾರ 1.4 ಕೆಜಿ. ಹಿಟ್ಟ ಮ್ಯಾಲಿನ ಲೆಕ್ಕದ ಮೂರ ಪಟ್ಟು, ಆದ್ರ ಒಮ್ಮೆಲೇ ಕಲಸಬ್ಯಾಡ್ರಿ, ಮೂರ ಸಲ ಕಲಸ್ರಿ. ಎಣ್ಣಿ ಒಂದ ಲೀಟರ್. ಎರಡ ಗಂಟೇಕ್ಕ ಬಿಸಿನೀರಿನ ಕೆಲಸ ಮುಗಿಸಿ ಫ್ಯಾನ್ ಕೆಳಗ ಹರವೋದು. ಮೂರೂವರಿಗೆ ಮದಲ್ನೇ ರೌಂಡ್ ಸುರು, ಎಣ್ಣಿ 165 ರಿಂದ 170 ಕ್ಕ ಕಾಯಿಸಿ, 175 ಗ್ರಾಂನಂಗ ಎಂಟ ಘಾಣ, ಒಂದಕ್ಕ ನಾಕ ನಿಮಿಷ, ನಡುವ ಎಣ್ಣಿ ಮತ್ತ ಕಾಯಾಕ ಒಂದೆರಡ ನಿಮಿಷ, ನಾಕೂಕಾಲಿಗೆ ಮುಗಿತೈತಿ. ಎಲ್ಲಾ ಮದಲ್ನೇ ರೌಂಡ್ ಮುಗಿಸಿ ಆಮ್ಯಾಲ ಎರಡನೇದ್ದು, ಒಂದೊಂದ ಘಾಣಕ್ಕ ಉರಿ ಏರಿಸಿ ಇಳಿಸಿ ಮಾಡಬ್ಯಾಡ್ರಿ, ಗ್ಯಾಸ್ ಹೊತ್ತ ಎರಡೂ ಹಾಳು. ಜಾಳಿಗಿ ಮ್ಯಾಲೆ ತಾಸ ಒಪ್ಪತ್ತ ಬಿಟ್ರ ಏನೂ ಆಗಂಗಿಲ್ಲ, ಮುಚ್ಚಿ ಮಾತ್ರ ಇಡಬಾರ್ದು.

ಐದೂಕಾಲಿಗೆ ಎಣ್ಣಿಯೊಳಗಿನ ಪುಡಿ ತಗದು 190 ಕ್ಕ ಕಾಯಿಸೋದು, ಎರಡೆರಡ ಘಾಣ ಕೂಡಿಸಿ ನಾಕ ಸಲ, ಒಂದಕ್ಕ ಒಂದೂವರಿ ನಿಮಿಷ. ಅದ ಹೊತ್ತಿಗೆ ಹುಡುಗ್ರು ಹಾಲ್‌ನ್ಯಾಗ ಹಾಡ ಹೇಳ್ತಿರತಾವ. ಕಡೀ ಘಾಣ ತಗದು ಬ್ಯಾಡಗಿ ಪುಡಿ ಉದರಿಸಿ ಹೊರಗ ಒಯ್ಯೋದ್ರಾಗ ಕೇಕ್ ಕಟ್ ಆಗಿರತೈತಿ. "ಉಳಿದ್ರ ಏನ ಮಾಡ್ಲಿ?" ಅಂತ ಕೇಳಿದ್ರು. ಎರಡನೇ ರೌಂಡ್ ಆಗಿದ್ದು ಉಳಿದ್ರ ಆವತ್ತ ರಾತ್ರಿನ ಸಾಸ್‌ನ್ಯಾಗ ಹಾಕಿ ತಿನ್ರಿ, ಎಷ್ಟ ಮಂದಿ ಬರತಾರ ಗೊತ್ತಿಲ್ಲ ಅಂದ್ರ ಎರಡ ಘಾಣ ಮದಲ್ನೇ ರೌಂಡ್‌ಗೆ ನಿಲ್ಲಿಸಿ ಫ್ರೀಜರ್‌ಗೆ ಹಾಕ್ರಿ ಅಂತ ಹೇಳೇನಿ.